ಹೆಸರು ಅಳಿಸಿದರೆ ಸಾಲದು

ಮನೆಯಲ್ಲೇ ಬಾಣಂತಿ ಲೇಹ ಮಾಡಿ ಮಾರುವ ಶಿರಸಿಯ ಗೃಹಿಣಿಯೊಬ್ಬರಿಗೆ ವಾಟ್ಸಾಪಿನಲ್ಲಿ ಹೀಗೊಂದು ಸಂದೇಶ ಬಂತೆಂದುಕೊಳ್ಳೋಣ: "ಅಕ್ಕಾ, ತಂಗಿಗೆ ಅವಳಿ ಮಕ್ಕಳು. ಸಿಸೇರಿಯನ್ ಆಗಿ 20 ದಿನ ಆಯ್ತು. ಸೊಂಟನೋವು ಈಗ ಕಡಿಮೆ, ಡಾಕ್ಟರ್ ಕೊಟ್ಟ ಮಾತ್ರೆನೂ ನಡೀತಿದೆ. ಲೇಹ ತುಂಬಾ ರುಚಿ, ಕಾಳುಮೆಣಸಿನ ಖಾರ ಹದವಾಗಿದೆ. ಬೆಲ್ಲ ಮಾತ್ರ ಸ್ವಲ್ಪ ಜಾಸ್ತಿ ಆಯ್ತು."

ಇಂಥದ್ದನ್ನು ಸ್ಕ್ರೀನ್‌ಶಾಟ್ ತೆಗೆದು, ಹೆಸರಿನ ಮೇಲೆ ಬಣ್ಣ ಬಳಿದು ಸ್ಟೇಟಸ್‌ಗೆ ಹಾಕುವುದು ರೂಢಿ. ಆದರೆ ತೆಳುಬಣ್ಣದ ಗೀಟಿನಡಿಯ ಅಕ್ಷರ, ಚಿತ್ರದ ಬೆಳಕು ಹೆಚ್ಚಿಸಿದರೆ ಮತ್ತೆ ಕಾಣಬಹುದು. ಹೆಸರನ್ನು ಪೂರ್ತಿ ಕತ್ತರಿಸಿ ತೆಗೆದರೂ "ಅವಳಿ", "ಸಿಸೇರಿಯನ್", "20 ದಿನ" ಎಂಬ ಮೂರು ಸುಳಿವು ಸೇರಿದರೆ ಸಣ್ಣ ಊರಿನಲ್ಲಿ ಬಾಣಂತಿ ಯಾರೆಂದು ಗೊತ್ತಾಗಿಬಿಡುತ್ತದೆ. ಸಂದೇಶ ಕಳಿಸಿದವಳು ಅಕ್ಕ, ಬಯಲಾದದ್ದು ತಂಗಿಯ ದೇಹದ ವಿಷಯ. ಅಕ್ಕ ಒಪ್ಪಿದ ಮಾತ್ರಕ್ಕೆ ತಂಗಿ ಒಪ್ಪಿದಂತಾಗದು.

ಹಾಗಾದರೆ ಖಾಸಗಿ ಮಾತನ್ನೆಲ್ಲ ತೆಗೆದುಹಾಕಿದರಾಯಿತಲ್ಲ ಎನ್ನಬಹುದು. ನಿಜವಾದ ತೊಡಕಿರುವುದು ಅಲ್ಲೇ. ಹೆರಿಗೆ, ಡಾಕ್ಟರು, ಮಾತ್ರೆ ಎಲ್ಲವನ್ನೂ ಅಳಿಸಿದ ಮೇಲೆ "ಸೊಂಟನೋವು ಈಗ ಕಡಿಮೆ, ಲೇಹ ತುಂಬಾ ರುಚಿ" ಎಂಬ ಮಾತುಗಳು ಅಕ್ಕಪಕ್ಕ ಉಳಿಯುತ್ತವೆ. ಗುಟ್ಟು ಕಾಯಲು ಹೋಗಿ ಲೇಹವೇ ನೋವು ಕಳೆಯಿತೆಂಬ ಸುಳ್ಳು ಹುಟ್ಟಿತು. ಒಂದು ಪದವನ್ನೂ ಸೇರಿಸಿಲ್ಲ, ಆದರೂ ಗಿರಾಕಿ ಹೇಳದ ಹೊಗಳಿಕೆ ಅವಳ ಬಾಯಲ್ಲಿ ಬಂದಿದೆ. ಅದನ್ನು ಹಂಚಿದ ಕ್ಷಣಕ್ಕೆ ಅದು ಮಾರುವವರದೇ ಜಾಹೀರಾತು. "ನಾನು ಹೇಳಿದ್ದಲ್ಲ, ಗಿರಾಕಿ ಹೇಳಿದ್ದು" ಎಂಬ ಸಮಜಾಯಿಷಿಯನ್ನು ನಾನಂತೂ ಒಪ್ಪುವುದಿಲ್ಲ. ದಾರಿತಪ್ಪಿಸುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ನಿಷೇಧಿಸುತ್ತದೆ. ಹಸಿ ಬಾಣಂತಿಯ ಮನೆಯವರು ಇದನ್ನು ನಂಬಿ ಡಾಕ್ಟರ ಮಾತ್ರೆ ನಿಲ್ಲಿಸಿದರೆ ಪೆಟ್ಟು ತಿನ್ನುವವಳು ಬಾಣಂತಿಯೇ.

ಆದ್ದರಿಂದ ಖಾಸಗಿ ವಿವರದ ಆಸರೆಯಿಲ್ಲದೆಯೂ ನಿಜವಾಗಿ ನಿಲ್ಲುವ ವಾಕ್ಯವನ್ನಷ್ಟೇ ಎತ್ತಿಕೊಳ್ಳಬೇಕು. ಮೇಲಿನ ಸಂದೇಶದಲ್ಲಿ ಅಂಥದ್ದು ರುಚಿಯ ಮಾತು ಮಾತ್ರ. ನೋವಿನ ವಾಕ್ಯವನ್ನು ಇಡಿಯಾಗಿ ಬಿಡಬೇಕು, ಅರ್ಧ ಉಳಿಸಬಾರದು. ಸ್ಕ್ರೀನ್‌ಶಾಟ್ ಬೇಡ. ಹೊಸದಾಗಿ ಟೈಪ್ ಮಾಡಿ ಹೀಗೆ ಹಾಕಬಹುದು: "ಲೇಹ ತುಂಬಾ ರುಚಿ, ಕಾಳುಮೆಣಸಿನ ಖಾರ ಹದವಾಗಿದೆ. ಬೆಲ್ಲ ಮಾತ್ರ ಸ್ವಲ್ಪ ಜಾಸ್ತಿ ಆಯ್ತು — ಒಬ್ಬ ಗ್ರಾಹಕರು." ಬೆಲ್ಲದ ದೂರನ್ನು ಉಳಿಸಿಕೊಳ್ಳಲೇಬೇಕು, ಅದೂ ಗಿರಾಕಿಯ ತೀರ್ಪಿನ ಭಾಗವೇ. ಕಡಿಮೆ ಸಿಹಿ ಬೇಕಾದವರಿಗೆ ಅದರಿಂದ ಉಪಯೋಗವೂ ಇದೆ.

ಹಾಕುವ ಮುನ್ನ ಸಿದ್ಧವಾದ ಪೋಸ್ಟನ್ನೇ ಆ ಗಿರಾಕಿಗೆ ಕಳಿಸಿ ಕೇಳಬೇಕು: "ಇದನ್ನು ಹೀಗೇ ಸ್ಟೇಟಸ್‌ಗೆ, ಇನ್‌ಸ್ಟಾಗ್ರಾಮಿಗೆ ಹಾಕಲಾ? ಬೇಡ ಅಂದ್ರೂ ಪರವಾಗಿಲ್ಲ." ಆರ್ಡರಿಗೆಂದು ನಂಬರು, ವಿಳಾಸ ಕೊಟ್ಟದ್ದು ಪ್ರಚಾರಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಉತ್ತರ ಬಾರದಿದ್ದರೆ ಬೇಡವೆಂದೇ ತಿಳಿಯಬೇಕು. ಮುಂದೆ ಎಂದಾದರೂ ತೆಗೆಯಿರಿ ಎಂದರೆ, ಕಾರಣ ಕೇಳದೆ ಹಾಕಿದ ಕಡೆಯಿಂದೆಲ್ಲ ತೆಗೆಯಬೇಕು.