ಹೊಸಬರಿಗೆ ಉದ್ರಿ ಇಲ್ಲ ಅಂದ್ರೆ ಅವಮಾನ ಯಾಕೆ?

ಬೆಂಗಳೂರಲ್ಲಿ ಬಾಡಿಗೆ ಮನೆ ನೋಡೋಕೆ ಹೋದ್ರೆ ಓನರ್ ನಮ್ಮ ಮುಖ ಕಂಡ ಹತ್ತೇ ನಿಮಿಷಕ್ಕೆ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರೆ. ಗೊಣಗ್ತಾ ಕೊಡ್ತೀವಿ. ಜಿಮ್ಮಿಗೆ ಇಡೀ ವರ್ಷದ ದುಡ್ಡು ಮೊದಲೇ ಕಟ್ತೀವಿ, ಹೋಗೋದು ಮೂರು ವಾರ. ಅದೇ ನಾವು ಕೆಲಸದ ಜೊತೆಗೊಂದು ಸೀರೆ ಪೇಜ್ ಶುರು ಮಾಡಿ, ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಮೊದಲ ಸಲ ಹೋದಾಗ ಮಾತ್ರ ಕಾಲ ಮೇಲೆ ಕಾಲು ಹಾಕ್ಕೊಂಡು "ಸಿಕ್ಸ್ಟಿ ಡೇಸ್ ಕ್ರೆಡಿಟ್" ಅಂತೀವಿ. ಅವರು ಇಲ್ಲ ಅಂದ್ರೆ "ಹಳೇ ಕಾಲದವರು, ಬಿಸಿನೆಸ್ ಗೊತ್ತಿಲ್ಲ" ಅಂತ ವಾಪಸ್ ಬರ್ತೀವಿ.

ಬಿಸಿನೆಸ್ ಯಾರಿಗೆ ಗೊತ್ತಿಲ್ಲ ಅನ್ನೋದನ್ನ ಲೆಕ್ಕ ಹಾಕಿಯೇ ನೋಡೋಣ. ನಮ್ಮ ಚಿಕ್ಕಪ್ಪನದು ಎಂಟು ಪವರ್‌ಲೂಮ್. ಭಾನುವಾರ ಊರಿಗೆ ಹೋದಾಗ ಅವರ ಲೆಕ್ಕಪತ್ರ ನೋಡೋದು ನನ್ನ ಕೆಲಸ, ಹಾಗಾಗಿ ಅಂಕಿ ನನ್ನ ಕಣ್ಣೆದುರಿಗೇ ಇದೆ.

ಹೋದ ವರ್ಷ ನಗರದಿಂದ ಒಬ್ಬ ಹೆಣ್ಣುಮಗಳು ಬಂದರು. ನೂರು ಸೀರೆ, ಒಂದಕ್ಕೆ 1,400 ರೂಪಾಯಿ, ಹಣ ಅರವತ್ತು ದಿನಕ್ಕೆ. ಸೀರೆಯ ಬಿಲ್ಲು 1,40,000, ಅದರ ಮೇಲೆ ಶೇ. 5 ಜಿಎಸ್‌ಟಿ 7,000. ನೂಲು, ಜರಿ, ಬಣ್ಣ, ಕೂಲಿ, ಕರೆಂಟು ಎಲ್ಲ ಸೇರಿ ಒಂದು ಸೀರೆಗೆ ಚಿಕ್ಕಪ್ಪನಿಗೆ ಬೀಳೋ ಖರ್ಚು 1,250. ಉಳಿಯೋದು 150. ನೂರಕ್ಕೆ 15,000.

ಈ ಅರವತ್ತು ದಿನ ಚಿಕ್ಕಪ್ಪನ ದುಡ್ಡು ಎಷ್ಟು ಹೊರಗಿರುತ್ತೆ? ಸೀರೆಗೆ ಹಾಕಿದ 1,25,000, ಜೊತೆಗೆ ತೆರಿಗೆಯ 7,000. ಜಿಎಸ್‌ಟಿ ನಿಂತಿರೋದು ಬಿಲ್ಲಿನ ಮೇಲೆ, ಹಣ ಕೈಗೆ ಬಂತೋ ಇಲ್ವೋ ಅನ್ನೋದರ ಮೇಲಲ್ಲ. ಮಾಸಿಕ ರಿಟರ್ನ್ ಹಾಕೋರು ಈ ತಿಂಗಳ ಬಿಲ್ಲಿನ ತೆರಿಗೆಯನ್ನ ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಗಿರಾಕಿ ಕೈಕೊಟ್ಟರೂ ಕಟ್ಟಿದ ತೆರಿಗೆ ವಾಪಸ್ ಬರಲ್ಲ. ಮಗ್ಗದ ಕೂಲಿಯಂತೂ ವಾರವಾರ. ಈ 1,32,000ವನ್ನ ಕೈಸಾಲ ತಂದರೆ, ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಎರಡು ತಿಂಗಳಿಗೆ 5,280. ಗಿರಾಕಿ ಹೇಳಿದ ದಿನವೇ ಹಣ ಕೊಟ್ಟರೂ ಲಾಭದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬಡ್ಡಿಗೇ ಹೋಯ್ತು.

ಇನ್ನು ಕೊಡಲೇ ಇಲ್ಲ ಅನ್ಕೊಳ್ಳಿ. ಹೋದ 1,32,000ವನ್ನ ಸೀರೆಗೆ 150ರಂತೆ ಸಂಪಾದಿಸಿ ತುಂಬಬೇಕು ಅಂದ್ರೆ 880 ಸೀರೆ ಮಾರಬೇಕು. ಒಬ್ಬ ಹೊಸ ಗಿರಾಕಿಯ ನೂರು ಸೀರೆಗೆ ಬೇರೆಯವರ ಎಂಟುನೂರೆಂಬತ್ತು ಸೀರೆ ದಂಡ. ಈ ಒಂದು ಭಾಗಾಕಾರ ಮಾಡಿದ ಮೇಲೂ "ನಂಬಿಕೆ ಮುಖ್ಯ ಅಂಕಲ್" ಅನ್ನೋರಿಗೆ ನಾನು ಏನೂ ಹೇಳಲ್ಲ.

ಕಾನೂನು ಇಲ್ವಾ ಅಂತೀರಿ. ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಉದ್ಯಮ್ ನೋಂದಣಿ ಇರೋ ಸಣ್ಣ ಉತ್ಪಾದಕರಿಗೆ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಅಂದ್ರೆ ಅರವತ್ತು ದಿನ ಕೇಳೋದೇ ಕಾನೂನಿನ ಆಚೆಗೆ! ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತಲೂ ಬರೆದಿದೆ. ಆದ್ರೆ ಅದನ್ನ ವಸೂಲಿ ಮಾಡೋಕೆ ದೂರು ಕೊಡಬೇಕು, ಕಾಗದ ಹೊಂದಿಸಬೇಕು, ಅಲೀಬೇಕು. ಪೇಜನ್ನೇ ಮುಚ್ಚಿಕೊಂಡು ನಂಬರ್ ಬದಲಿಸಿದವರ ಮೇಲೆ ಚಕ್ರಬಡ್ಡಿ ಹಾಕಿ ಏನು ಮಾಡೋದು?

"ಚಿಕ್ಕಪೇಟೆಯವರು ಉದ್ರಿ ತಗೊಳ್ತಾರಲ್ಲ?" ಇದು ಎಲ್ಲರೂ ಎಸೆಯೋ ಕೊನೆಯ ಬಾಣ. ತಗೊಳ್ತಾರೆ. ಅವರಲ್ಲಿ ಚಿಕ್ಕಪ್ಪನಿಗೆ ಇಪ್ಪತ್ತು ವರ್ಷದ ಪರಿಚಯ ಇರೋರಿದ್ದಾರೆ, ನಡುವೆ ನಿಂತು ಮಾತು ಕೊಡೋ ದಲ್ಲಾಳಿ ಇದ್ದಾರೆ. ಆ ಇಪ್ಪತ್ತು ವರ್ಷವನ್ನ ಒಂದು ವಿಸಿಟಿಂಗ್ ಕಾರ್ಡಲ್ಲಿ ತರೋಕಾಗಲ್ಲ.

ಹಾಗಂತ ಚಿಕ್ಕಪ್ಪ ಗಿರಾಕಿಯನ್ನ ಬಾಗಿಲಿಂದಲೇ ಕಳಿಸಲಿಲ್ಲ. ನನಗೆ ಇಷ್ಟವಾದದ್ದೇ ಆ ಭಾಗ. ನೂರು ಸೀರೆಯಲ್ಲಿ ಅರವತ್ತು ಓಡೋ ಡಿಸೈನ್. ಇವರು ಬೇಡ ಅಂದ್ರೆ ನಾಳೆ ಇನ್ನೊಬ್ಬರು ಒಯ್ಯುತ್ತಾರೆ. ಅದಕ್ಕೆ ಅಡ್ವಾನ್ಸ್ ಒಂದು ಪೈಸೆ ಬೇಡ, ಮಾಲು ಕೈಗೆ ಕೊಡುವಾಗ ಹಣ ಕೊಟ್ಟರೆ ಸಾಕು ಅಂದರು. ಅಕಸ್ಮಾತ್ ಗಿರಾಕಿ ಬರದಿದ್ರೆ ನಷ್ಟ ಆಟೋ ಬಾಡಿಗೆ ಅಷ್ಟೇ.

ಉಳಿದ ನಲವತ್ತು ಅವರದೇ ಬಣ್ಣ, ಅವರದೇ ಅಂಚು. ಅದಕ್ಕೆ ಬೇರೆ ಹಾಸು ಹೂಡಬೇಕು, ಜಕಾರ್ಡಿಗೆ ಬೇರೆ ಡಿಸೈನ್ ಮಾಡಿಸಬೇಕು. ಹಾಸು ಒಂದು ಸಲ ಮಗ್ಗಕ್ಕೆ ಏರಿದ ಮೇಲೆ ನಡುವೆ ನಿಲ್ಲಿಸಿ ಬಣ್ಣ ಬದಲಿಸೋಕಾಗಲ್ಲ, ನೇಯ್ದೇ ಮುಗಿಸಬೇಕು. ಗಿರಾಕಿ ಮಾಯವಾದರೆ ಈ ಸೀರೆ ಸಿಕ್ಕಿದ ರೇಟಿಗೆ, ಒಂದಕ್ಕೆ 600ರಂತೆ ಹೋಗುತ್ತೆ. ಖರ್ಚು 50,000, ಸಿಗೋದು 24,000, ನಷ್ಟ 26,000. ಅದಕ್ಕೇ ನಲವತ್ತರ ಬೆಲೆ 56,000ದಲ್ಲಿ ಅರ್ಧ, 28,000 ಮುಂಗಡ ಕೇಳಿದರು. ಬಾಯಿಗೆ ಬಂದ ಅಂಕಿ ಅಲ್ಲ ಅದು. ಅಡ್ವಾನ್ಸ್ ಅನ್ನೋದು ಮಾಲು ಅಡ್ಡ ಬಿದ್ದರೆ ಆಗೋ ನಷ್ಟವನ್ನ ಮುಚ್ಚಬೇಕು, ಅದಕ್ಕಿಂತ ಕಡಿಮೆ ಆದ್ರೆ ಬರೀ ಶಾಸ್ತ್ರ. (ಸರಕಿನ ಮುಂಗಡದ ಮೇಲೆ ಜಿಎಸ್‌ಟಿ ಕೂಡ ಆಗಲೇ ಕಟ್ಟೋ ಹಾಗಿಲ್ಲ, 2017ರ ನವೆಂಬರಿನಿಂದ ಬಿಲ್ಲು ಮಾಡುವಾಗ ಕಟ್ಟಿದರೆ ಸಾಕು.)

ಇನ್ನೊಂದು ಬಾಗಿಲನ್ನೂ ತೆರೆದಿಟ್ಟರು. ಪೂರ್ತಿ ಹಣ ಮೊದಲೇ ಹಾಕಿದರೆ ಶೇ. 3 ಕಡಿಮೆ, ಅಂದ್ರೆ ನೂರು ಸೀರೆಗೆ 4,200 ರೂಪಾಯಿ. ಬಡ್ಡಿ 5,280ಕ್ಕಿಂತ ಅಗ್ಗವೇ. ಆಷಾಢದಲ್ಲಿ ಮಾಲು ಓಡದೆ ಕೂತಾಗ ಗಿರಾಕಿಯನ್ನ ಹಿಡಿಯೋಕೆ ಇದೇ ಅವರ ದಾರಿ. ದೊಡ್ಡ ಅಂಗಡಿಯವರು ಇದಕ್ಕೂ ಒಪ್ಪಲ್ಲ, ಅವರನ್ನ ಬಿಟ್ಟುಬಿಡ್ತಾರೆ.

ಹೇಳೋ ರೀತಿಯೂ ಮುಖ್ಯ. "ನಿಮ್ಮ ಮೇಲೆ ನಂಬಿಕೆ ಇಲ್ಲ" ಅನ್ನಲಿಲ್ಲ, "ಪಾರ್ಟ್ನರ್ ಒಪ್ಪಲ್ಲ" ಅಂತ ಸುಳ್ಳೂ ಹೇಳಲಿಲ್ಲ. "ನೋಡಮ್ಮ, ಮೊದಲ ಮೂರು ಆರ್ಡರ್ ಯಾರೇ ಬಂದ್ರೂ ಹೀಗೇ. ಆಮೇಲೆ ಕೂತು ಮಾತಾಡೋಣ" ಅಂದರು. ಆಮೇಲೆ ಅಂದ್ರೆ ಹದಿನೈದು ದಿನ, ಅದೂ ಒಂದು ಕಂತಿನ ಮಾಲಿಗೆ. ಅಷ್ಟರೊಳಗೆ ಆ ಗಿರಾಕಿಯ ಜಿಎಸ್‌ಟಿ ನಂಬರನ್ನ gst.gov.in ನಲ್ಲಿ ಹಾಕಿ ನಾನು ನೋಡಿರ್ತೀನಿ. ನೋಂದಣಿ ಯಾವಾಗ ಆಯ್ತು, ರಿಟರ್ನ್ ಹಾಕ್ತಿದಾರಾ, ಅಲ್ಲಿ ಯಾರಿಗೆ ಬೇಕಾದ್ರೂ ಕಾಣುತ್ತೆ. ಸರ್ಕಾರಕ್ಕೆ ರಿಟರ್ನ್ ಹಾಕದವರು ಮಗ್ಗದವರಿಗೆ ಹಣ ಹಾಕ್ತಾರೆ ಅನ್ನೋ ಆಸೆ ನನಗಿಲ್ಲ.

"ಮಾಲು ಕೊಟ್ಟಾಗ ನಗದು" ಅಂದ್ರೆ ನೋಟಿನ ಕಟ್ಟಲ್ಲ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನೋಟಲ್ಲಿ ತಗೊಳ್ಳೋಕೆ ಆದಾಯ ತೆರಿಗೆ ಕಾನೂನು ಬಿಡಲ್ಲ, ಕಂತು ಮಾಡಿದರೂ ಬಿಡಲ್ಲ. ಖಾತೆಗೇ ಬರಬೇಕು. ಮೋಸ ಆಗೋದೂ ಇಲ್ಲೇ. ಗಾಡಿಗೆ ಮಾಲು ಏರಿಸಿ ಆದ ಮೇಲೆ ಫೋನ್ ತೋರಿಸಿ "ಹಾಕಿದೀನಿ ಅಂಕಲ್, ಸರ್ವರ್ ಸ್ಲೋ" ಅಂತಾರೆ. ಸ್ಕ್ರೀನ್‌ಶಾಟ್ ಹಣ ಅಲ್ಲ, ಮುಂದಿನ ತಾರೀಕಿನ ಚೆಕ್ಕೂ ಅಲ್ಲ. ಚೆಕ್ ತಗೊಂಡ್ರೆ ಉದ್ರಿ ಕೊಟ್ಟ ಹಾಗೇ. ಚಿಕ್ಕಪ್ಪ ತಮ್ಮದೇ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದ ಮೇಲೇ ಗಂಟು ಎತ್ತಿಸೋದು.

ಆ ಹೆಣ್ಣುಮಗಳಿಗೆ ಸಿಟ್ಟು ಬಂತು, ಹೋದರು. ನಾಲ್ಕು ದಿನ ಬಿಟ್ಟು ಫೋನ್ ಮಾಡಿ ಅರವತ್ತು ಸೀರೆಯನ್ನ ಇಪ್ಪತ್ತರಂತೆ ಮೂರು ಕಂತಲ್ಲಿ ಕೊಡ್ತೀರಾ ಅಂದರು. ಒಂದು ಕಂತಿಗೆ ತೆರಿಗೆ ಸೇರಿ 29,400, ಮೂರು ಸಲವೂ ಅಲ್ಲೇ ನಿಂತು ಹಾಕಿದರು. ತಮ್ಮದೇ ಬಣ್ಣದ ಆ ನಲವತ್ತರ ಮಾತು ಮತ್ತೆ ಎತ್ತಲಿಲ್ಲ. ಹಾಸು ಹೂಡಿರಲಿಲ್ಲವಾದ್ದರಿಂದ ಚಿಕ್ಕಪ್ಪನೂ ಕೇಳಲಿಲ್ಲ.