ತೆರಿಗೆ ಇಳಿದರೂ ಬ್ಯಾಂಕ್‌ಗೆ ನಷ್ಟ ಬಂದಿದ್ದೇಕೆ? ‘ಡೆಫರ್ಡ್ ಟ್ಯಾಕ್ಸ್’ ಲೆಕ್ಕ ಇಲ್ಲಿದೆ

2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕಾರ್ಪೊರೇಟ್ ತೆರಿಗೆ ಕಡಿತ ಘೋಷಿಸುತ್ತಿದ್ದಂತೆ ಷೇರುಪೇಟೆ ಜಿಗಿಯಿತು. ವಿನಾಯಿತಿಗಳನ್ನು ಬಿಟ್ಟುಕೊಡುವ ದೊಡ್ಡ ಕಂಪನಿಗಳ ತೆರಿಗೆ ಸರ್‌ಚಾರ್ಜ್, ಸೆಸ್ ಸೇರಿ ಶೇ 34.94ರಿಂದ ಶೇ 25.17ಕ್ಕೆ ಇಳಿಯಿತು. ಆದರೆ ಆ ತ್ರೈಮಾಸಿಕದ ಫಲಿತಾಂಶ ಬಂದಾಗ ಆಕ್ಸಿಸ್ ಬ್ಯಾಂಕ್ 112 ಕೋಟಿ ರೂ. ನಷ್ಟ ತೋರಿಸಿತು. ಐಸಿಐಸಿಐ ಬ್ಯಾಂಕ್ ಲಾಭ ಕೇವಲ 655 ಕೋಟಿ ರೂ.ಗೆ ಕುಸಿಯಿತು.

ಇದಕ್ಕೆ ಕಾರಣ ಮುಂದೂಡಿದ ತೆರಿಗೆ, ಅಂದರೆ ‘ಡೆಫರ್ಡ್ ಟ್ಯಾಕ್ಸ್’.

ಎರಡು ಲೆಕ್ಕ, ಎರಡು ಲಾಭ

ಸಾಲ ಮರುಪಾವತಿ ಆಗುವುದಿಲ್ಲ ಎಂಬ ಅನುಮಾನ ಬಂದ ಕೂಡಲೇ ಬ್ಯಾಂಕ್ ತನ್ನ ಲೆಕ್ಕಪುಸ್ತಕದಲ್ಲಿ ಅದಕ್ಕಾಗಿ ಹಣ ತೆಗೆದಿಡಬೇಕು. ಇದನ್ನು ಖರ್ಚೆಂದೇ ತೋರಿಸುವುದರಿಂದ ಲಾಭ ಕಡಿಮೆಯಾಗುತ್ತದೆ. ಆದಾಯ ತೆರಿಗೆ ಇಲಾಖೆ ಮಾತ್ರ ಒಂದು ಮಿತಿಯವರೆಗಷ್ಟೇ ಇದನ್ನು ಒಪ್ಪುತ್ತದೆ. ಉಳಿದ ಮೊತ್ತಕ್ಕೆ ಕಡಿತ ಸಿಗುವುದು ಸಾಲವನ್ನು ಪುಸ್ತಕದಿಂದ ವಜಾ ಮಾಡಿದ ವರ್ಷ.

ಹೀಗಾಗಿ ಬ್ಯಾಂಕ್ ಈಗ ಹೆಚ್ಚು ತೆರಿಗೆ ಕಟ್ಟುತ್ತದೆ, ಮುಂದೆ ಕಡಿಮೆ ಕಟ್ಟುತ್ತದೆ. ಮುಂದೆ ಉಳಿಯಲಿರುವ ಈ ತೆರಿಗೆಯನ್ನು ಅದು ಇಂದೇ ಆಸ್ತಿ ಎಂದು ಬರೆದುಕೊಳ್ಳುತ್ತದೆ.

ಆಸ್ತಿ ಕರಗಿದ್ದು ಹೇಗೆ?

ಇಲಾಖೆ ಇನ್ನೂ ಒಪ್ಪದ ಮೊತ್ತ 100 ಕೋಟಿ ರೂ. ಎಂದುಕೊಳ್ಳಿ. ಹಳೆಯ ದರದಲ್ಲಿ ಮುಂದೆ ಉಳಿಯುವ ತೆರಿಗೆ 34.94 ಕೋಟಿ ರೂ. ದರ ಇಳಿದ ಮೇಲೆ ಅದೇ 100 ಕೋಟಿಗೆ ಉಳಿಯುವುದು 25.17 ಕೋಟಿ ರೂ. ಮಾತ್ರ. ವ್ಯತ್ಯಾಸವಾದ 9.77 ಕೋಟಿ ರೂ.ಗಳನ್ನು ಹೊಸ ದರಕ್ಕೆ ಬದಲಾದ ತ್ರೈಮಾಸಿಕದಲ್ಲೇ ಒಂದೇ ಬಾರಿಗೆ ಲಾಭದಿಂದ ಕಳೆಯಬೇಕು.

ಹಿಂದಿನ ವರ್ಷಗಳಲ್ಲಿ ವಸೂಲಾಗದ ಸಾಲಗಳಿಗೆ ಭಾರಿ ಮೊತ್ತ ತೆಗೆದಿಟ್ಟಿದ್ದ ಬ್ಯಾಂಕ್‌ಗಳಿಗೆ ಈ ಪೆಟ್ಟು ಜೋರಾಗಿ ಬಿತ್ತು. ಐಸಿಐಸಿಐ ಬ್ಯಾಂಕ್‌ಗೆ 2,920 ಕೋಟಿ ರೂ., ಆಕ್ಸಿಸ್‌ಗೆ 2,138 ಕೋಟಿ ರೂ. ಹೊರೆಯಾಯಿತು. ಇದಿಲ್ಲದಿದ್ದರೆ ಆಕ್ಸಿಸ್ 2,026 ಕೋಟಿ ರೂ. ಲಾಭ ತೋರಿಸುತ್ತಿತ್ತು. ಆ ತ್ರೈಮಾಸಿಕದಲ್ಲಿ ಈ ಲೆಕ್ಕಕ್ಕಾಗಿ ಬ್ಯಾಂಕಿನಿಂದ ಒಂದು ರೂಪಾಯಿ ನಗದೂ ಹೊರಹೋಗಲಿಲ್ಲ. ಮುಂದಿನ ಲಾಭಕ್ಕೆಲ್ಲ ಕಡಿಮೆ ದರ ಸಿಗುವುದರಿಂದಲೇ ಅವು ಈ ಪೆಟ್ಟನ್ನು ಒಪ್ಪಿಕೊಂಡವು.

ಕೆಲವು ಕಾರ್ಖಾನೆಗಳಲ್ಲಿ ಇದು ತಿರುವುಮುರುವು. ಯಂತ್ರಗಳ ಸವಕಳಿಯನ್ನು ತೆರಿಗೆ ಕಾಯ್ದೆ ಮೊದಲ ವರ್ಷಗಳಲ್ಲೇ ಹೆಚ್ಚು ಒಪ್ಪಿದರೆ, ಈಗ ಉಳಿದ ತೆರಿಗೆಯನ್ನು ಮುಂದೆ ಕಟ್ಟಬೇಕು. ಅಂಥ ಕಂಪನಿ ಹೊಸ ದರ ಆಯ್ದುಕೊಂಡರೆ ಆ ಬಾಕಿ ಇಳಿದು, ಕಾಗದದ ಮೇಲೆ ಲಾಭ ಏರುತ್ತದೆ.

ಷೇರುದಾರರು ನೋಡಬೇಕಾದ್ದು

ಫಲಿತಾಂಶದಲ್ಲಿ ಮೊದಲು ತೆರಿಗೆಗೆ ಮುಂಚಿನ ಲಾಭ ನೋಡಿ. ಅದು ಚೆನ್ನಾಗಿದ್ದು ನಿವ್ವಳ ಲಾಭ ಮಾತ್ರ ಕುಸಿದಿದ್ದರೆ, ತೆರಿಗೆ ಸಾಲಿನಲ್ಲಿ ‘ಡೆಫರ್ಡ್’ ಭಾಗ ಎಷ್ಟು ಎಂದು ಹುಡುಕಿ. ಈ ಆಸ್ತಿಗೆ ಬೆಲೆ ಇರುವುದು ಮುಂದೆ ಲಾಭ ಬಂದರೆ ಮಾತ್ರ. ಲಾಭವೇ ಇಲ್ಲದಿದ್ದರೆ ಕಟ್ಟಲು ತೆರಿಗೆ ಇರುವುದಿಲ್ಲ, ಉಳಿಸಲೂ ಏನೂ ಇರುವುದಿಲ್ಲ. ವರ್ಷವರ್ಷವೂ ನಷ್ಟದಲ್ಲಿರುವ ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ಈ ಆಸ್ತಿ ಬೆಳೆಯುತ್ತಲೇ ಇದ್ದರೆ ಅನುಮಾನದಿಂದ ನೋಡುವುದೇ ಸರಿ.