ವಿಷಯದ ಸಾಲಲ್ಲೇ ದೂರು ಇರಲಿ
ಅರಕಲಗೂಡಿನ ಎಟಿಎಂನಲ್ಲಿ ಜೂನ್ 3ರಂದು ಐದು ಸಾವಿರ ರೂಪಾಯಿ ಒತ್ತಿದಿರಿ, ನೋಟು ಬರಲಿಲ್ಲ, ಖಾತೆಯಲ್ಲಿ ಮಾತ್ರ ಹಣ ಕಡಿತವಾಯಿತು ಎಂದಿಟ್ಟುಕೊಳ್ಳಿ. ಜೂನ್ 10ಕ್ಕೆ ಬ್ಯಾಂಕಿಗೆ ಇಮೇಲ್ ಕಳಿಸುವಾಗ ವಿಷಯದ ಜಾಗದಲ್ಲಿ ‘ದೂರು’, ‘ತುರ್ತು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಬ್ಯಾಂಕಿನಲ್ಲಿ ಅದನ್ನು ಓದುವವರ ಮೇಜಿಗೆ ಬರುವುದೆಲ್ಲ ದೂರೇ. ‘ಎಟಿಎಂ ಹಣ ಬಂದಿಲ್ಲ, ₹5,000 ಕಡಿತ, ಜೂನ್ 3, ಅರಕಲಗೂಡು’ ಎಂದಿದ್ದರೆ ತೆರೆಯುವ ಮೊದಲೇ ಅದು ಯಾವ ವಿಭಾಗಕ್ಕೆ ಹೋಗಬೇಕೆಂದು ತಿಳಿಯುತ್ತದೆ. ಫೋನಿನಲ್ಲಿ ಸಾಲಿನ ಬಾಲ ಕತ್ತರಿಸಿಹೋಗುವುದರಿಂದ ಊರಿನ ಹೆಸರು ಕೊನೆಗಿರಲಿ. ‘ನಾನು ಹೊಳೆನರಸೀಪುರ ಶಾಖೆಯ ಹಳೆಯ ಗ್ರಾಹಕ’ ಎಂಬ ಪೀಠಿಕೆ ಬೇಡ. ಮೊದಲ ವಾಕ್ಯದಲ್ಲಿ ಎಸ್ಸೆಮ್ಮೆಸ್‌ನಲ್ಲಿರುವ ಸಮಯ ಮತ್ತು ವಹಿವಾಟಿನ ಸಂಖ್ಯೆ, ಯಂತ್ರದ ಮೇಲಿನ ಎಟಿಎಂ ಸಂಖ್ಯೆ, ಖಾತೆಯ ಕೊನೆಯ ನಾಲ್ಕು ಅಂಕಿ ಬರಲಿ. ಬೇರೆ ಊರಲ್ಲಿ ಕುಳಿತವರಿಗೆ ‘ಬಸ್ ನಿಲ್ದಾಣದ ಎದುರಿನ ಎಟಿಎಂ’ ಎಂದರೆ ಏನೂ ಸಿಗದು. ಪಿನ್ ಮಾತ್ರ ಎಲ್ಲೂ ಬರೆಯಬೇಡಿ. ಎರಡನೆಯ ವಾಕ್ಯ ಬೇಡಿಕೆಯದ್ದು: ‘ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಐದು ದಿನದೊಳಗೆ, ಅಂದರೆ ಜೂನ್ 8ಕ್ಕೆ, ಹಣ ಮರಳಬೇಕಿತ್ತು, ₹5,000ವನ್ನೂ ನಂತರದ ಪ್ರತಿ ದಿನಕ್ಕೆ ₹100 ಪರಿಹಾರವನ್ನೂ ಜಮಾ ಮಾಡಿ.’ ಹಣ ತೆಗೆದದ್ದು ಬೇರೆ ಬ್ಯಾಂಕಿನ ಯಂತ್ರದಲ್ಲಾದರೂ ಈ ಪತ್ರ ಹೋಗಬೇಕಾದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೇ. ಉತ್ತರದಲ್ಲಿ ದೂರಿನ ಸಂಖ್ಯೆ ಬಂದರೆ ಅದೇ ಇಮೇಲ್‌ಗೆ ಮರುತ್ತರಿಸಿ, ಹೊಸದನ್ನು ಬರೆದರೆ ಅದು ಹೊಸ ದೂರಾಗಿ ಸಾಲಿನ ಕೊನೆಗೆ ಹೋಗಬಹುದು. ಮೂವತ್ತು ದಿನ ಉತ್ತರವೇ ಬಾರದಿದ್ದರೆ ಇದೇ ಪತ್ರವನ್ನು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಕೊಡುವ ದೂರಿಗೆ ಲಗತ್ತಿಸಬಹುದು.